ಫೋಟೋದಲ್ಲಿ ಬಂದ ಪಿ ವ್ಯಾಲ್ಯೂ ಪಟ್ಟಿ: ಗೆರೆ ಎಲ್ಲಿ ಎಳೀಬೇಕು?

ಯಾರೋ ಒಬ್ರು ಪ್ರಿಂಟ್ ತೆಗೆದ ಹಾಳೆದು ಫೋಟೋ ಹೊಡೆದು ಕಳಿಸ್ತಾರೆ, ಅದರಲ್ಲಿ ಉದ್ದಕ್ಕೂ ಪಿ ವ್ಯಾಲ್ಯೂಗಳು, ಪಕ್ಕದಲ್ಲಿ ಇನ್ನೊಂದು ಕಾಲಮ್‌ನಲ್ಲಿ "ಅಡ್ಜಸ್ಟೆಡ್ ಕಟ್‌ಆಫ್" ಅಂತ ಏನೋ ಸಂಖ್ಯೆಗಳು, ಕೆಳಗಿನ ಭಾಗ ಅರ್ಧ ಕಟ್ ಆಗಿದೆ, ಮೂಲ ಫೈಲ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಪ್ರಶ್ನೆ ಮಾತ್ರ ಒಂದೇ: "ಇದ್ರಲ್ಲಿ ಎಷ್ಟು ನಿಜವಾಗ್ಲೂ ಸಿಗ್ನಿಫಿಕೆಂಟ್?"

0.05ಕ್ಕಿಂತ ಕಮ್ಮಿ ಇರೋದಕ್ಕೆಲ್ಲ ಟಿಕ್ ಹಾಕಿ ಕಳಿಸಿಬಿಡೋಣ ಅನ್ಸತ್ತೆ. ಆದ್ರೆ 20 ಟೆಸ್ಟ್ ಮಾಡಿದ್ದಾರೆ, ಅವು ಒಂದಕ್ಕೊಂದು ಸಂಬಂಧ ಇಲ್ಲದವು, ಯಾವುದರಲ್ಲೂ ನಿಜಕ್ಕೂ ಏನೂ ವ್ಯತ್ಯಾಸ ಇಲ್ಲ ಅಂದ್ಕೊಳ್ಳಿ. ಆಗ್ಲೂ ಕನಿಷ್ಠ ಒಂದಾದ್ರೂ 0.05ರ ಕೆಳಗೆ ಬರೋ ಸಾಧ್ಯತೆ ಸುಮಾರು 64% ಇರತ್ತೆ. ಸುಮ್ನೆ ಅದೃಷ್ಟದಿಂದ. ಅದಕ್ಕೇ ಕಟ್‌ಆಫ್ ಸರಿಮಾಡ್ಕೋಬೇಕು. ಈ ಲೇಖನದಲ್ಲಿ ಒಂದೇ ವಿಧಾನ ಹಿಡ್ಕೊಂಡು ಹೋಗ್ತೀನಿ, ಬೆಂಜಮಿನಿ ಮತ್ತೆ ಹಾಕ್‌ಬರ್ಗ್ ಅನ್ನೋ ಇಬ್ಬರು 1995ರಲ್ಲಿ ಬರೆದದ್ದು, ಎಲ್ರೂ ಬಿಎಚ್ ಅಂತ ಕರೀತಾರೆ. ವಿಧಾನ ಸುಲಭ, ಐದು ನಿಮಿಷದ ಕೆಲಸ. ಫೋಟೋದಿಂದ ಮಾಡುವಾಗ ಎಡವಟ್ಟಾಗೋದು ಬೇರೆ ಕಡೆ, ಅದನ್ನೇ ಹೆಚ್ಚು ಹೇಳ್ತೀನಿ.

ಉದಾಹರಣೆಗೆ ನಾನೇ ಒಂದು ಪಟ್ಟಿ ಮಾಡ್ಕೊಂಡಿದೀನಿ. ಎರಡು ಗುಂಪು, ಹಲವು ಅಳತೆ, ಪ್ರತಿ ಅಳತೆಗೂ ಒಂದು ಟೆಸ್ಟ್. ಫೋಟೋದಲ್ಲಿ ಕಾಣೋದು ಇಷ್ಟು:

```
ಸಾಲು   p        ಕಟ್‌ಆಫ್
1     0.0004   0.0025
2     0.0019   0.0050
3     0.0041   0.0075
4     0.0095   0.0100
5     0.0134   0.0125
6     0.0142   0.0150
7     0.0210   0.0175
8     0.0278   0.0200
9     0.0344   0.0225
10    0.0459   0.0250
11    0.0731   0.0275
12    0.1100   0.0300
```

ಹನ್ನೆರಡನೇ ಸಾಲಿನ ಕೆಳಗೆ ಹಾಳೆ ಮಡಚಿದೆಯೋ ಫೋಟೋ ಕಟ್ ಆಗಿದೆಯೋ ಗೊತ್ತಿಲ್ಲ.

ಮೊದಲು ಕಟ್‌ಆಫ್ ಕಾಲಮ್ ಓದಿ, ಪಿ ವ್ಯಾಲ್ಯೂ ಆಮೇಲೆ

ಎಲ್ರೂ ನೇರ ಪಿ ವ್ಯಾಲ್ಯೂ ಕಡೆ ಹೋಗ್ತಾರೆ, ನಾನು ಮೊದಲು ಪಕ್ಕದ ಕಾಲಮ್ ನೋಡ್ತೀನಿ. ಯಾಕಂದ್ರೆ ಹಾಳೆ ಮಾಡಿದವರು ಯಾವ ವಿಧಾನ ಬಳಸಿದ್ರು, ಒಟ್ಟು ಎಷ್ಟು ಟೆಸ್ಟ್ ಇತ್ತು, ಎರಡೂ ಆ ಕಾಲಮ್‌ನಲ್ಲೇ ಅಡಗಿರತ್ತೆ.

ಬಿಎಚ್ ಬಿಟ್ಟು ಬಾನ್‌ಫೆರೋನಿ, ಹೋಲ್ಮ್ ಅಂತ ಇನ್ನೆರಡು ವಿಧಾನಗಳೂ ಇವೆ. ಯಾವುದು ಅಂತ ಕಂಡುಹಿಡಿಯೋಕೆ ಮೊದಲ ಸಾಲು ನೋಡಿ ಪ್ರಯೋಜನ ಇಲ್ಲ. ಬಾನ್‌ಫೆರೋನಿ ಆದ್ರೂ, ಹೋಲ್ಮ್ ಆದ್ರೂ, ಬಿಎಚ್ ಆದ್ರೂ ಮೊದಲ ಸಾಲಿನ ಕಟ್‌ಆಫ್ ಒಂದೇ, 0.05 ಭಾಗಿಸು ಒಟ್ಟು ಟೆಸ್ಟ್. ಗುಟ್ಟು ಇರೋದು ಎರಡನೇ ಸಾಲಲ್ಲಿ. ಅಲ್ಲೂ ಅದೇ 0.0025 ಇದ್ರೆ ಬಾನ್‌ಫೆರೋನಿ, ಮೇಲಿಂದ ಕೆಳಗೆ ಒಂದೇ ಸಂಖ್ಯೆ. ಸ್ವಲ್ಪವೇ ಏರಿ 0.0026 ಅಂತೇನಾದ್ರೂ ಇದ್ರೆ ಹೋಲ್ಮ್, ಯಾಕಂದ್ರೆ 20 ಟೆಸ್ಟ್ ಇದ್ರೆ ಅದು 0.05ನ್ನ 20ರಿಂದ, ಆಮೇಲೆ 19ರಿಂದ, ಆಮೇಲೆ 18ರಿಂದ ಭಾಗಿಸ್ತಾ ಹೋಗತ್ತೆ. ಸರಿಯಾಗಿ ಎರಡರಷ್ಟಾಗಿ, ಮೂರನೇದು ಮೂರರಷ್ಟಾಗಿ ಮೆಟ್ಟಿಲು ತರ ಸಮವಾಗಿ ಏರ್ತಾ ಇದ್ರೆ ಅದು ಬಿಎಚ್. ನಮ್ಮ ಹಾಳೇಲಿ 0.0025, 0.0050, 0.0075 ಅಂತ ಇದೆ, ಹಾಗಾಗಿ ಬಿಎಚ್.

ಇದು ಮುಖ್ಯ ಆಗೋದು ಓದೋ ದಿಕ್ಕಿನ ವಿಷಯದಲ್ಲಿ. ಹೋಲ್ಮ್ ಆದ್ರೆ ಮೇಲಿಂದ ಇಳಿದು ಮೊದಲ ಸೋಲಿಗೆ ನಿಲ್ಲಿಸ್ಬೇಕು. ಬಿಎಚ್ ಆದ್ರೆ ಕೆಳಗಿಂದ ಹತ್ತಬೇಕು. ದಿಕ್ಕು ಉಲ್ಟಾ ಆದ್ರೆ ಉತ್ತರನೂ ತಪ್ಪು, ಅದು ಹೇಗೆ ಅಂತ ಮುಂದೆ ಬರತ್ತೆ.

ಒಟ್ಟು ಎಷ್ಟು ಟೆಸ್ಟ್ ಇತ್ತು?

ಬಿಎಚ್‌ನಲ್ಲಿ ಕಟ್‌ಆಫ್ ಹೀಗೆ:

```
cutoff = rank / m * q
```

ಇದರಲ್ಲಿ `rank` ಅಂದ್ರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಎಷ್ಟನೇ ಸ್ಥಾನ, `m` ಅಂದ್ರೆ ಒಟ್ಟು ಟೆಸ್ಟ್‌ಗಳು, `q` ಅಂದ್ರೆ ಪತ್ತೆ ಅಂತ, ಅಂದ್ರೆ ಸಿಗ್ನಿಫಿಕೆಂಟ್ ಅಂತ, ಒಪ್ಕೊಂಡವುಗಳಲ್ಲಿ ಎಷ್ಟು ಪಾಲು ಸುಳ್ಳಾಗಿದ್ರೆ ಸಹಿಸ್ಕೊಳ್ತೀವಿ ಅನ್ನೋದು, ಇಲ್ಲಿ 0.05.

ಮೊದಲ ಸಾಲಿನ ಕಟ್‌ಆಫ್ 0.0025. 0.05ನ್ನ 0.0025ರಿಂದ ಭಾಗಿಸಿದ್ರೆ 20. ಅಂದ್ರೆ ಹಾಳೇಲಿ ಒಟ್ಟು 20 ಟೆಸ್ಟ್ ಇದ್ವು, ಫೋಟೋದಲ್ಲಿ ಕಾಣ್ತಿರೋದು 12, ಎಂಟು ಸಾಲು ಕಟ್ ಆಗಿವೆ. ಇನ್ನೊಂದು ಪುರಾವೆನೂ ಇದೆ, ಬಿಎಚ್ ಪಟ್ಟಿಲಿ ಕೊನೇ ಸಾಲಿನ ಕಟ್‌ಆಫ್ ಯಾವಾಗ್ಲೂ `q` ಅಷ್ಟೇ, ಇಲ್ಲಿ 0.05, ಆಗಿರ್ಬೇಕು, ನಮ್ಮ ಕೊನೇ ಸಾಲಲ್ಲಿ 0.0300 ಇದೆ, ಹಾಗಾದ್ರೆ ಕೆಳಗೆ ಇನ್ನೂ ಇದೆ ಅಂತ ಅರ್ಥ. `q` ಎಷ್ಟು ಅಂತ ಹಾಳೇಲಿ ಬರೆದಿಲ್ಲ ಅಂದ್ರೆ ಕೇಳಿ ತಿಳ್ಕೊಳ್ಳಿ, ಊಹೆ ಮಾಡ್ಬೇಡಿ. `q` 0.10 ಆಗಿದ್ರೆ ಇದೇ 0.0025ಕ್ಕೆ ಒಟ್ಟು 40 ಟೆಸ್ಟ್ ಆಗ್ಬಿಡತ್ತೆ.

ಇದನ್ನ ಗಮನಿಸದೆ ಕಾಣೋ 12ನ್ನೇ ಒಟ್ಟು ಅಂದ್ಕೊಂಡು ಲೆಕ್ಕ ಮಾಡಿದ್ರೆ ಏನಾಗತ್ತೆ ನೋಡಿ. ಒಂಬತ್ತನೇ ಸಾಲಿನ ಕಟ್‌ಆಫ್ 9/12 ಗುಣಿಸು 0.05, ಅಂದ್ರೆ 0.0375 ಆಗತ್ತೆ, ಅಲ್ಲಿರೋ 0.0344 ಆರಾಮಾಗಿ ಪಾಸಾಗತ್ತೆ, ಒಟ್ಟು 9 ಪತ್ತೆ ಸಿಗತ್ತೆ. ಸರಿಯಾದ ಉತ್ತರ 6. ಅಂದ್ರೆ ಫೋಟೋ ಹೊಡೆಯುವಾಗ ಕೈ ಸ್ವಲ್ಪ ಮೇಲೆ ಹೋಗಿದ್ದಕ್ಕೆ ಮೂರು ಸುಮ್ಮಸುಮ್ನೆ ಪತ್ತೆಗಳು ಹುಟ್ಕೊಂಡ್ವು.

ಇಲ್ಲಿ ಒಂದು ಸಮಾಧಾನ ಇದೆ. ಕಾಣದ ಆ ಎಂಟು ಸಾಲಿನ ಪಿ ವ್ಯಾಲ್ಯೂಗಳು ನಮಗೆ ಬೇಕಾಗೇ ಇಲ್ಲ, ಎಣಿಕೆ ಇದ್ರೆ ಸಾಕು. ಯಾಕೆ ಅಂದ್ರೆ ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ, 12ನೇ ಸಾಲಲ್ಲೇ 0.1100 ಬಂದಾಯ್ತು, ಕೆಳಗಿರೋದೆಲ್ಲ ಅದಕ್ಕಿಂತ ಕಮ್ಮಿ ಇರೋಕೆ ಸಾಧ್ಯ ಇಲ್ಲ, ಮತ್ತೆ ಕಟ್‌ಆಫ್ ಎಷ್ಟೇ ಏರಿದ್ರೂ 0.05 ದಾಟಲ್ಲ, ಹಾಗಾಗಿ ಅಲ್ಲಿ ಯಾವುದೂ ಪಾಸಾಗಲ್ಲ. ಆದ್ರೆ ಫೋಟೋ 9ನೇ ಸಾಲಿಗೇ ಕಟ್ ಆಗಿದ್ರೆ ಈ ಮಾತು ನಡೆಯಲ್ಲ, 0.0344ರ ನಂತರ ಇನ್ನೂ ಹತ್ತು ಸಾಲು 0.04ರ ಆಸುಪಾಸಲ್ಲಿ ಇದ್ದುಬಿಟ್ರೆ ಕೆಳಗೆಲ್ಲೋ ಒಂದು ಪಾಸಾಗಿ ಮೇಲಿನ ಎಲ್ಲವನ್ನೂ ಜೊತೆಗೆ ಎಳ್ಕೊಂಡು ಬರಬಹುದು. ಕೊನೇ ಕಾಣೋ ಪಿ ವ್ಯಾಲ್ಯೂ `q` ದಾಟಿದೆಯಾ ಅಂತ ನೋಡಿ, ದಾಟಿದ್ರೆ ನೆಮ್ಮದಿ, ಇಲ್ಲಾಂದ್ರೆ ಇನ್ನೊಂದು ಫೋಟೋ ಕೇಳಿ. ಪಟ್ಟಿ ಜೋಡಿಸದೆ ಟೆಸ್ಟ್ ಹೆಸರಿನ ಕ್ರಮದಲ್ಲಿ ಇದ್ರಂತೂ ಪೂರ್ತಿ ಹಾಳೆ ಇಲ್ಲದೆ ಏನೂ ಮಾಡೋಕಾಗಲ್ಲ.

ಟೈಪ್ ಮಾಡೋದು, ಆಮೇಲೆ ಅನುಮಾನ ಪಡೋದು

ಫೋನ್‌ನಲ್ಲಿ ಫೋಟೋದಿಂದ ಅಕ್ಷರ ಎತ್ಕೊಳ್ಳೋ ಸೌಲಭ್ಯ ಇರತ್ತೆ, ಬಳಸಿ, ಆದ್ರೆ ನಂಬ್ಬೇಡಿ. ಚುಕ್ಕಿ ನುಂಗತ್ತೆ, ಒಂದು ಸೊನ್ನೆ ನುಂಗತ್ತೆ, 4 ಮತ್ತೆ 9, 3 ಮತ್ತೆ 8, 1 ಮತ್ತೆ 7 ಅದಲುಬದಲು ಮಾಡತ್ತೆ. ಇಪ್ಪತ್ತು ಸಾಲಿಗೆ ನಾನು ಕೈಯಲ್ಲೇ ಟೈಪ್ ಮಾಡ್ತೀನಿ, ಆಮೇಲೆ ಇನ್ನೊಬ್ರ ಹತ್ರ ಜೋರಾಗಿ ಓದಿಸಿ ಸ್ಕ್ರೀನ್ ನೋಡ್ತೀನಿ. ಟೆಸ್ಟಿನ ಹೆಸರನ್ನೂ ಪಕ್ಕದ ಕಾಲಮ್‌ನಲ್ಲಿ ಹಾಕಿ, ಯಾಕಂದ್ರೆ ಸಾರ್ಟ್ ಮಾಡಿದ್ಮೇಲೆ ಯಾವ ಸಂಖ್ಯೆ ಯಾವುದರದ್ದು ಅಂತ ಮರೆತುಹೋದ್ರೆ ಮತ್ತೆ ಮೊದಲಿಂದ ಶುರು.

ಒಂದು ಸೊನ್ನೆ ಹೋದ್ರೆ ಎಷ್ಟು ಹಾನಿ ಅಂತ ನೋಡಿ. ಮೂರನೇ ಸಾಲಿನ 0.0041 ತಪ್ಪಾಗಿ 0.041 ಅಂತ ಬಂತು ಅಂದ್ಕೊಳ್ಳಿ. ಅದು ಪಟ್ಟಿಲಿ ಕೆಳಗೆ ಜಾರತ್ತೆ, ಮಧ್ಯೆ ಇದ್ದವೆಲ್ಲ ಒಂದೊಂದು ಸ್ಥಾನ ಮೇಲೆ ಬರ್ತವೆ, ಅವುಗಳಲ್ಲಿ ಪ್ರತಿಯೊಂದರ ಕಟ್‌ಆಫ್‌ನೂ ಒಂದು ಮೆಟ್ಟಿಲು ಕಮ್ಮಿ ಆಗತ್ತೆ, 0.0095ಕ್ಕೆ ಈಗ 0.0075 ಎದುರು, 0.0142ಕ್ಕೆ 0.0125 ಎದುರು. ಯಾವುದೂ ಪಾಸಾಗಲ್ಲ. ಆರು ಪತ್ತೆ ಇದ್ದದ್ದು ಎರಡಕ್ಕೆ ಬಿತ್ತು! ತಪ್ಪಾಗಿದ್ದು ಒಂದು ಸಾಲು, ಹೋಗಿದ್ದು ನಾಲ್ಕು.

ಇಂಥ ತಪ್ಪು ಹಿಡಿಯೋಕೆ ಸುಲಭ ದಾರಿ ಕ್ರಮ ನೋಡೋದು. ಹಾಳೆ ಮೊದಲೇ ಜೋಡಿಸಿದ್ದಾಗಿದ್ರೆ ನೀವು ಟೈಪ್ ಮಾಡಿದ್ದೂ ಏರ್ತಾನೇ ಹೋಗ್ಬೇಕು. 0.0019 ಆದ್ಮೇಲೆ 0.041, ಆಮೇಲೆ 0.0095 ಅಂತ ಬಂದ್ರೆ ತಕ್ಷಣ ಗೊತ್ತಾಗತ್ತೆ. ಅದಕ್ಕೇ ಟೈಪ್ ಮಾಡಿದ ಕೂಡ್ಲೇ ಸಾರ್ಟ್ ಬಟನ್ ಒತ್ಬೇಡಿ, ಸಾರ್ಟ್ ಮಾಡಿದ್ರೆ ಈ ಸುಳಿವು ಅಳಿಸಿಹೋಗತ್ತೆ. ಮೊದಲು ಹಾಳೆಯ ಕ್ರಮದಲ್ಲೇ ಪರೀಕ್ಷೆ, ಆಮೇಲೆ ಸಾರ್ಟ್.

ಆದ್ರೆ ಕ್ರಮದ ಪರೀಕ್ಷೆ ಎಲ್ಲಾನೂ ಹಿಡಿಯಲ್ಲ. ಆರನೇ ಸಾಲಿನ 0.0142ನ್ನ 0.0192 ಅಂತ ಓದಿಬಿಟ್ರೆ? ಮೇಲೆ 0.0134, ಕೆಳಗೆ 0.0210, ಮಧ್ಯೆ 0.0192 ಸಲೀಸಾಗಿ ಕೂತ್ಕೊಳ್ಳತ್ತೆ, ಯಾವ ಅನುಮಾನನೂ ಬರಲ್ಲ. ಆದ್ರೆ ಅದು 0.0150 ದಾಟಿತು, ಫೇಲ್, ಹಾಗಾಗಿ ಉತ್ತರ 6 ಇದ್ದದ್ದು 4 ಆಗತ್ತೆ. ಇದಕ್ಕೆ ನಾನು ಮಾಡೋದು ಏನಂದ್ರೆ ಎಲ್ಲಾ ಸಾಲಿಗೂ ಸಮನಾಗಿ ಕಣ್ಣು ನೋಯಿಸ್ಕೊಳ್ಳಲ್ಲ, ಗೆರೆಯ ಹತ್ತಿರದ ಮೂರು ನಾಲ್ಕು ಸಾಲನ್ನ ಮಾತ್ರ ದೊಡ್ಡದು ಮಾಡಿ ಪ್ರತಿ ಅಂಕಿ ನೋಡ್ತೀನಿ. ಇಲ್ಲಿ 4ರಿಂದ 7ನೇ ಸಾಲು. ಫೋಟೋದಲ್ಲಿ ಝಡ್ ಅಥವಾ ಟಿ ಸಂಖ್ಯೆನೂ ಇದ್ರೆ ಇನ್ನೂ ಒಳ್ಳೇದು, ಅದರಿಂದ ಪಿ ವ್ಯಾಲ್ಯೂ ತಿರುಗಿ ಲೆಕ್ಕ ಹಾಕಬಹುದು. ಎರಡು ಬದಿಯ ಟೆಸ್ಟಲ್ಲಿ ಝಡ್ 2.45 ಇದ್ರೆ ಪಿ ಸುಮಾರು 0.014, ಝಡ್ 2.34 ಇದ್ರೆ 0.019, ಹಾಗಾಗಿ ಆ ಅಂಕಿ 4ಆ 9ಆ ಅನ್ನೋ ಜಗಳ ಅಲ್ಲಿಗೇ ಮುಗೀತು.

ಕಟ್‌ಆಫ್ ಕಾಲಮ್‌ನ ಅಂಕಿಗಳಿಗೆ ಈ ತಲೆನೋವಿಲ್ಲ, ಅದನ್ನ ಓದಿ ಟೈಪ್ ಮಾಡೋದೇ ಬೇಡ, ಸೂತ್ರದಿಂದ ನೀವೇ ಹೊಸದಾಗಿ ಲೆಕ್ಕ ಹಾಕಿ, ಫೋಟೋ ಜೊತೆ ತಾಳೆ ನೋಡಿ. ಸ್ಪ್ರೆಡ್‌ಶೀಟ್‌ನಲ್ಲಿ ಎ ಕಾಲಮ್ ಹೆಸರು, ಬಿ ಪಿ ವ್ಯಾಲ್ಯೂ, ಸಿ ಸ್ಥಾನ 1ರಿಂದ ಶುರು, ಆಮೇಲೆ ಇವೆರಡು:

```
D2:  =C2/20*0.05
E2:  =B2<=D2
```

ಕೆಳಗೆ ಎಳೆದ್ರೆ ಆಯ್ತು. ಎಲ್ಲೋ ಒಂದು ಸಾಲಲ್ಲಿ ಫೋಟೋದ ಕಟ್‌ಆಫ್ ನಿಮ್ಮ ಕಟ್‌ಆಫ್‌ಗೆ ಹೊಂದಲ್ಲ ಅಂದ್ರೆ ನೀವು ಮಧ್ಯೆ ಒಂದು ಸಾಲು ಬಿಟ್ಟಿದೀರ ಅಥವಾ ಒಂದೇ ಸಾಲನ್ನ ಎರಡು ಸಲ ಟೈಪ್ ಮಾಡಿದೀರ, ಹೆಚ್ಚಾಗಿ ಇವೆರಡರಲ್ಲಿ ಒಂದು.

ಈಗ ಗೆರೆ

ಸಾರ್ಟ್ ಆದ ಪಟ್ಟಿಲಿ ಕೆಳಗಿಂದ ಮೇಲಕ್ಕೆ ಬನ್ನಿ. 12ನೇ ಸಾಲು, 0.1100 ಎದುರು 0.0300, ಇಲ್ಲ. 11 ಇಲ್ಲ, 10ರಲ್ಲಿ 0.0459 ಎದುರು 0.0250, ಇಲ್ಲ. 9, 8 ಇಲ್ಲ. 7ರಲ್ಲಿ 0.0210 ಎದುರು 0.0175, ಇಲ್ಲ. 6ರಲ್ಲಿ 0.0142 ಎದುರು 0.0150, ಹೌದು. ನಿಲ್ಲಿ. ಗೆರೆ ಆರನೇ ಸಾಲಿನ ಕೆಳಗೆ, ಅದರ ಮೇಲಿರೋ ಆರೂ ಪತ್ತೆಗಳೇ.

ಆರೂ ಅಂದ್ರೆ ಐದನೇದೂ ಸೇರಿ. ಇಲ್ಲೇ ಎಲ್ರೂ ಎಡವೋದು, ನಾನೂ ಮೊದಲ ಸಲ ಎಡವಿದ್ದೆ. ಐದನೇ ಸಾಲಲ್ಲಿ 0.0134 ಇದೆ, ಅದರ ಕಟ್‌ಆಫ್ 0.0125, ಅಂದ್ರೆ ಅದು ತನ್ನ ಕಟ್‌ಆಫ್ ದಾಟಿದೆ, ಫೇಲ್, ಶೀಟಲ್ಲಿ FALSE ಅಂತ ಬರತ್ತೆ. ಮೇಲಿಂದ ಇಳಿಯುವವರು ಅಲ್ಲೇ ನಿಲ್ಲಿಸಿ ನಾಲ್ಕು ಅಂತಾರೆ. TRUE ಮಾತ್ರ ಎಣಿಸುವವರು 1, 2, 3, 4, 6 ಅಂತ ಐದು ಹೇಳ್ತಾರೆ, ಅದಂತೂ ಇನ್ನೂ ವಿಚಿತ್ರ, ಚಿಕ್ಕ ಪಿ ವ್ಯಾಲ್ಯೂ ಇರೋದನ್ನ ಬಿಟ್ಟು ದೊಡ್ಡದನ್ನ ಒಪ್ಕೊಂಡಂಗೆ. ಎರಡೂ ಬಿಎಚ್ ಅಲ್ಲ. ಬಿಎಚ್ ಹೇಳೋದು ಇಷ್ಟೇ, ಕಟ್‌ಆಫ್ ಒಳಗಿರೋ ಅತೀ ಕೆಳಗಿನ ಸಾಲು ಹುಡುಕು, ಅದನ್ನೂ ಅದರ ಮೇಲಿನದ್ದೆಲ್ಲವನ್ನೂ ಒಪ್ಕೋ.

ಯಾಕೆ ಹೀಗೆ ಅಂತ ಒಂದ್ಸಲ ತಲೆಗೆ ಹೋದ್ರೆ ಆಮೇಲೆ ಯಾವತ್ತೂ ಮರೆಯಲ್ಲ. 0.0142ರ ಹತ್ರ ಗೆರೆ ಎಳೆದೆ ಅಂದ್ಕೊಳ್ಳಿ. 20 ಟೆಸ್ಟಲ್ಲೂ ಏನೂ ಇಲ್ಲದಿದ್ರೆ ಬರೀ ಅದೃಷ್ಟದಿಂದ ಆ ಗೆರೆಯೊಳಗೆ ಎಷ್ಟು ಬರಬೇಕಿತ್ತು? 20 ಗುಣಿಸು 0.0142, ಅಂದ್ರೆ 0.284. ನಿಜಕ್ಕೂ ಬಂದಿರೋದು 6. ಹಾಗಾಗಿ ಈ ಆರರಲ್ಲಿ ಸುಳ್ಳಿನ ಪಾಲು ಸುಮಾರು 0.284 ಭಾಗಿಸು 6, ಅಂದ್ರೆ 4.7%. ನಾವು ಸಹಿಸ್ಕೊಳ್ಳೋದು 5%, ಸರಿ. ಅದೇ 0.0134ಕ್ಕೆ ಗೆರೆ ಎಳೆದ್ರೆ ನಿರೀಕ್ಷೆ 0.268, ಸಿಕ್ಕಿದ್ದು 5, ಪಾಲು 5.4%, ಮಿತಿ ಮೀರಿತು. ಒಂದು ಚೂರು ಕೆಳಗೆ ಸರಿದಿದ್ದಕ್ಕೆ ಇನ್ನೊಂದು ಪತ್ತೆ ಸಿಕ್ತು, ಸುಳ್ಳಿನ ನಿರೀಕ್ಷೆ ಹೆಚ್ಚೇನೂ ಏರ್ಲಿಲ್ಲ, ಹಾಗಾಗಿ ಪಾಲು ಕಮ್ಮಿ ಆಯ್ತು. ಬಿಎಚ್ ಲೆಕ್ಕ ಹಾಕೋದು ಗುಂಪಿನ ಮೇಲೆ, ಒಂದೊಂದು ಸಾಲಿನ ಮೇಲೆ ಅಲ್ಲ, ಅದಕ್ಕೇ ಐದನೇದು ಗುಂಪಿನ ಜೊತೆ ಒಳಗೆ ಬರತ್ತೆ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. 5% ಅನ್ನೋದು ಪದೇಪದೇ ಇಂಥ ಪಟ್ಟಿ ಮಾಡ್ತಾ ಹೋದ್ರೆ ಸರಾಸರಿಯಲ್ಲಿ ಇರೋ ಪಾಲು. ನಿಮ್ಮ ಕೈಲಿರೋ ಈ ಆರರಲ್ಲಿ ಸುಳ್ಳು ಸೊನ್ನೆ ಇರಬಹುದು, ಒಂದಿರಬಹುದು, ಎರಡೂ ಇರಬಹುದು. "ಆರನೇ ಸಾಲು ಸುಳ್ಳಾಗೋ ಸಾಧ್ಯತೆ 4.7%" ಅಂತ ಯಾರಾದ್ರೂ ಬರೆದ್ರೆ ಅದು ತಪ್ಪು, ಗೆರೆ ಹತ್ತಿರ ಇರೋ ಸಾಲು ಮೊದಲ ಸಾಲಿಗಿಂತ ಸಾಮಾನ್ಯವಾಗಿ ಹೆಚ್ಚು ಅನುಮಾನದ್ದು.

ಹೋಲಿಕೆಗೆ ಹೇಳೋದಾದ್ರೆ ಇದೇ ಪಟ್ಟಿಗೆ ಬರೀ 0.05 ಹಾಕಿದ್ರೆ 10 ಸಿಗತ್ತೆ, ಬಾನ್‌ಫೆರೋನಿ ಹಾಕಿದ್ರೆ 2, ಹೋಲ್ಮ್ ಹಾಕಿದ್ರೂ 2. ಅವೆರಡು ಒಂದೇ ಒಂದು ಸುಳ್ಳೂ ನುಸುಳಬಾರದು ಅಂತ ಕಾಯ್ತವೆ, ಬಿಎಚ್ ಸ್ವಲ್ಪ ಸುಳ್ಳು ಬಂದ್ರೂ ಪರ್ವಾಗಿಲ್ಲ, ಪಾಲು ಮಿತಿಲಿರ್ಲಿ ಅನ್ನತ್ತೆ. ಮುಂದೆ ಮತ್ತೆ ಪರೀಕ್ಷೆ ಮಾಡೋ ಪಟ್ಟಿ ಆರಿಸ್ತಾ ಇದ್ರೆ ಬಿಎಚ್ ಸರಿ. ಒಂದು ತಪ್ಪು ನಿರ್ಧಾರನೂ ದುಬಾರಿ ಅನ್ನೋ ಕಡೆ ನಾನಂತೂ ಹೋಲ್ಮ್‌ಗೇ ಹೋಗ್ತೀನಿ.

ಆರ್‌ನಲ್ಲಿ ತಾಳೆ

ಕೈಲೆಕ್ಕ ಆದ್ಮೇಲೆ ಆರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಂದ್ಸಲ ಹೀಗೆ ಓಡಿಸಿ:

```
p <- c(0.0004, 0.0019, 0.0041, 0.0095, 0.0134, 0.0142,
       0.0210, 0.0278, 0.0344, 0.0459, 0.0731, 0.1100)
round(p.adjust(p, method = "BH", n = 20), 4)
```

`n = 20` ಮರೀಬೇಡಿ, ಇಲ್ಲಾಂದ್ರೆ ಅದು ಕೊಟ್ಟ 12ನ್ನೇ ಒಟ್ಟು ಅಂದ್ಕೊಳ್ಳತ್ತೆ, ಮೇಲೆ ಹೇಳಿದ 9ರ ತಪ್ಪು ಮತ್ತೆ ಬರತ್ತೆ. ಉತ್ತರದಲ್ಲಿ ಮೊದಲ ಆರು 0.0080, 0.0190, 0.0273, 0.0473, 0.0473, 0.0473 ಅಂತ ಬರತ್ತೆ, ಏಳನೇದು 0.0600. 4, 5, 6 ಮೂರಕ್ಕೂ ಒಂದೇ ಸಂಖ್ಯೆ ನೋಡಿ ಪ್ರೋಗ್ರಾಂ ಕೆಟ್ಟಿದೆ ಅಂದ್ಕೊಳ್ಬೇಡಿ, ಮೇಲೆ ಹೇಳಿದ ಗುಂಪಿನ ಲೆಕ್ಕವೇ ಅದು, ಆರನೇ ಸಾಲಿನ 4.7% ಮೇಲಿನ ಎರಡಕ್ಕೂ ಹಂಚಿಹೋಗಿದೆ. ಪೈಥಾನ್‌ನಲ್ಲಿ `multipletests` ಬಳಸ್ತೀರಾದ್ರೆ ಅದಕ್ಕೆ ಒಟ್ಟು ಸಂಖ್ಯೆ ಬೇರೆ ಕೊಡೋ ಜಾಗ ಇಲ್ಲ, ಕಾಣದ ಎಂಟು ಸಾಲಿಗೆ 1 ಅಂತ ತುಂಬಿ, `method="fdr_bh"` ಕೊಡಿ.

ಒಂದು ಮಾತು. ಈ ಅಡ್ಜಸ್ಟ್ ಆದ ಪಿ ವ್ಯಾಲ್ಯೂಗಳನ್ನ ಹೋಲಿಸ್ಬೇಕಾದ್ದು ನೇರ 0.05 ಜೊತೆ. ಹಾಳೆಯ ಕಟ್‌ಆಫ್ ಕಾಲಮ್ ಜೊತೆ ಹೋಲಿಸೋದು ಕಚ್ಚಾ ಪಿ ವ್ಯಾಲ್ಯೂನ. ಎರಡನ್ನೂ ಸೇರಿಸಿ, ಅಡ್ಜಸ್ಟ್ ಆದದ್ದನ್ನ ಅಡ್ಜಸ್ಟ್ ಆದ ಕಟ್‌ಆಫ್ ಜೊತೆ ಹೋಲಿಸಿದವರನ್ನೂ ನೋಡಿದೀನಿ, ಆಗ ನಮ್ಮ ಪಟ್ಟಿಲಿ ಮೊದಲ ಸಾಲಿನ 0.0080 ಕೂಡ 0.0025 ಎದುರು ಸೋತು ಏನೂ ಉಳಿಯಲ್ಲ.

ಓದೋಕಾಗದ ಸಾಲು, "<0.001", "ಎನ್‌ಎಸ್"

ಫೋಟೋದಲ್ಲಿ ಎಲ್ಲಾ ಸಾಲೂ ನಮ್ಮ ಉದಾಹರಣೆ ತರ ಚೆನ್ನಾಗಿರಲ್ಲ. ಬೆಳಕು ಬಿದ್ದು ಒಂದು ಸಾಲು ಬೆಳ್ಳಗಾಗಿದ್ರೆ ಅದನ್ನ ಬಿಟ್ಟುಬಿಡ್ಬೇಡಿ, ಖಾಲಿನೂ ಬಿಡ್ಬೇಡಿ, 1 ಅಂತ ಹಾಕಿ. ಆರ್‌ನಲ್ಲಿ `NA` ಹಾಕಿ, `n` ಕೊಡದೇ ಇದ್ರೆ `p.adjust` ಅಂಥವನ್ನ ಮೊದಲೇ ತೆಗೆದುಹಾಕಿ ಉಳಿದದ್ದನ್ನ ಮಾತ್ರ ಎಣಿಸತ್ತೆ, ಒಟ್ಟು ಟೆಸ್ಟ್ ಸದ್ದಿಲ್ಲದೆ ಕಮ್ಮಿ ಆಗತ್ತೆ, ಕಟ್‌ಆಫ್ ಸಡಿಲ ಆಗತ್ತೆ. 1 ಹಾಕಿದ್ರೆ ಎಣಿಕೆ ಉಳಿಯತ್ತೆ, ಹೆಚ್ಚೆಂದ್ರೆ ಕೆಲವು ಪತ್ತೆ ಕಳ್ಕೊಳ್ತೀರ, ಸುಳ್ಳಾಗಿ ಹೊಸದು ಹುಟ್ಟಲ್ಲ. "ಎನ್‌ಎಸ್" ಅಂತ, ಅಂದ್ರೆ ಸಿಗ್ನಿಫಿಕೆಂಟ್ ಅಲ್ಲ ಅಂತ, ಮಾತ್ರ ಬರೆದಿದ್ರೂ ಇದೇ ಉಪಾಯ.

"<0.001" ಅಂತಿದ್ರೆ 0.001 ಅಂತಲೇ ಹಾಕಿ. ಕೆಲವು ಸಾಫ್ಟ್‌ವೇರ್‌ಗಳು 0.000 ಅಂತ ಪ್ರಿಂಟ್ ಮಾಡ್ತವೆ, ಅದು ಸೊನ್ನೆ ಅಲ್ಲ, 0.0005ಕ್ಕಿಂತ ಕಮ್ಮಿ ಅಂತ, 0.0005 ಹಾಕಿ. ಎರಡೇ ದಶಾಂಶಕ್ಕೆ ಸುತ್ತಿದ ಪಟ್ಟಿ ಬಂದ್ರೆ ಕಷ್ಟ, ಅಲ್ಲಿ 0.01 ಅಂದ್ರೆ 0.005ರಿಂದ 0.015ರವರೆಗೆ ಏನು ಬೇಕಾದ್ರೂ ಆಗಿರಬಹುದು. ಆಗ ಲೆಕ್ಕ ಎರಡು ಸಲ ಮಾಡಿ, ಒಂದ್ಸಲ ಎಲ್ಲಕ್ಕೂ ಅತಿ ಕಮ್ಮಿ ಬೆಲೆ, ಇನ್ನೊಂದ್ಸಲ ಅತಿ ಹೆಚ್ಚಿನ ಬೆಲೆ. ಎರಡರಲ್ಲೂ ಒಂದೇ ಉತ್ತರ ಬಂದ್ರೆ ಸುತ್ತಿದ್ದರಿಂದ ತೊಂದ್ರೆ ಇಲ್ಲ, ಬೇರೆ ಬಂದ್ರೆ ಹೆಚ್ಚಿನ ಬೆಲೆ ಹಾಕಿದಾಗ ಸಿಕ್ಕಿದ್ದನ್ನ ಮಾತ್ರ ಹೇಳಿ.

ಎರಡು ಫೋಟೋ ಬಂದ್ರೆ

ಒಂದೇ ಅಧ್ಯಯನದ ಪಟ್ಟಿ ಎರಡು ಫೋಟೋದಲ್ಲಿ ಬಂದ್ರೆ ಎರಡನ್ನೂ ಸೇರಿಸಿ ಒಂದೇ ಪಟ್ಟಿ ಮಾಡಿ ಒಂದೇ ಸಲ ಬಿಎಚ್ ಓಡಿಸಿ, ಪ್ರತಿ ಫೋಟೋಗೂ ಬೇರೆ ಬೇರೆ ಅಲ್ಲ. ಪುಟ ಎಲ್ಲಿ ಮುಗೀತು ಅನ್ನೋದು ಪ್ರಿಂಟರ್ ತೀರ್ಮಾನ, ಅದಕ್ಕೂ ಟೆಸ್ಟ್‌ಗಳಿಗೂ ಏನು ಸಂಬಂಧ. ಮೊದಲ ಫೋಟೋದ ಕೊನೇ ಎರಡು ಸಾಲು ಎರಡನೇ ಫೋಟೋದ ಮೊದಲಲ್ಲೂ ಇರತ್ತೆ ಹೆಚ್ಚಾಗಿ, ಹೆಸರು ನೋಡಿ ಒಂದ್ಸಲ ಮಾತ್ರ ಎಣಿಸಿ.

ಇದಕ್ಕಿಂತ ಕೆಟ್ಟದ್ದು ಹಾಳೇಲೇ ಇಲ್ಲದ ಟೆಸ್ಟ್‌ಗಳು. 60 ಟೆಸ್ಟ್ ಮಾಡಿ "ಚೆನ್ನಾಗಿ ಬಂದಿರೋ" 20 ಮಾತ್ರ ಪ್ರಿಂಟ್ ತೆಗೆದಿದ್ರೆ ಕಟ್‌ಆಫ್ ಕಾಲಮ್ ಅಚ್ಚುಕಟ್ಟಾಗಿ 0.05ಕ್ಕೇ ಮುಗಿದಿರತ್ತೆ, ಫೋಟೋದಲ್ಲಿ ಯಾವ ಸುಳಿವೂ ಸಿಗಲ್ಲ. ಒಂದೇ ಅನುಮಾನ ಹುಟ್ಟಿಸೋದು ಪಿ ವ್ಯಾಲ್ಯೂಗಳ ಹಂಚಿಕೆ. ಏನೂ ಇಲ್ಲದ ಟೆಸ್ಟ್‌ಗಳ ಪಿ ವ್ಯಾಲ್ಯೂ 0ರಿಂದ 1ರವರೆಗೆ ಹೆಚ್ಚುಕಮ್ಮಿ ಸಮವಾಗಿ ಹರಡಿರ್ಬೇಕು, 0.3, 0.5, 0.8 ಎಲ್ಲ ಅಲ್ಲಲ್ಲಿ ಕಾಣ್ಬೇಕು. 20 ಸಾಲಲ್ಲಿ ಅತಿ ದೊಡ್ಡದೇ 0.2 ಅಂತಿದ್ರೆ ಯಾರೋ ಜರಡಿ ಹಿಡಿದಿರೋ ಸಾಧ್ಯತೆ ಜಾಸ್ತಿ. ಆಗ ಕಳಿಸಿದವರನ್ನ ನೇರವಾಗಿ ಕೇಳಿ, "ಒಟ್ಟು ಎಷ್ಟು ಮಾಡಿದ್ರಿ, ಪ್ರಿಂಟ್ ತೆಗೆದದ್ದು ಎಷ್ಟು ಅಂತಲ್ಲ" ಅಂತ. ಜರಡಿ ಹಿಡಿದದ್ದು ನಿಜ ಅಂತಾದ್ರೆ `m` ಜಾಗದಲ್ಲಿ 60 ಹಾಕಿ.

ಟೆಸ್ಟ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ರೆ ಏನು ಅಂತ ಕೇಳ್ತಾರೆ. ಟೆಸ್ಟ್‌ಗಳು ಸ್ವತಂತ್ರ ಆಗಿದ್ರೆ ಅಥವಾ ಒಂದು ಏರಿದ್ರೆ ಇನ್ನೊಂದೂ ಏರೋ ತರದ ಸಂಬಂಧ ಇದ್ರೆ ಬಿಎಚ್ ತನ್ನ ಮಾತು ಉಳಿಸ್ಕೊಳ್ಳತ್ತೆ. ಉಲ್ಟಾ ಸಂಬಂಧ, ಗೋಜಲು ಸಂಬಂಧ ಇದ್ರೆ 2001ರಲ್ಲಿ ಬೆಂಜಮಿನಿ ಮತ್ತೆ ಯೆಕುಟಿಯೆಲಿ ಕೊಟ್ಟ ಬಿಗಿ ರೂಪ ಇದೆ, ಆರ್‌ನಲ್ಲಿ `method = "BY"`. ಅದು ಪ್ರತಿ ಕಟ್‌ಆಫ್‌ನೂ 1 + 1/2 + 1/3 ಅಂತ 1/20ರವರೆಗೆ ಕೂಡಿದ ಮೊತ್ತದಿಂದ ಭಾಗಿಸತ್ತೆ, 20 ಟೆಸ್ಟ್‌ಗೆ ಆ ಮೊತ್ತ ಸುಮಾರು 3.6. ನಮ್ಮ ಪಟ್ಟಿಲಿ ಆಗ ಉಳಿಯೋದು ಮೊದಲ ಸಾಲು ಒಂದೇ. ಬೆಲೆ ಭಾರೀ ಆಯ್ತು, ಹಾಗಾಗಿ ಸಂಬಂಧ ಯಾವ ತರದ್ದು ಅಂತ ಗೊತ್ತಿಲ್ಲದೆ ಸುಮ್ನೆ ಭಯಕ್ಕೆ ಇದನ್ನ ಬಳಸೋದು ನನಗೆ ಸರಿ ಕಾಣಲ್ಲ.

ಉತ್ತರ ವಾಪಸ್ ಕಳಿಸುವಾಗ ಬರೀ "ಆರು" ಅಂತ ಬರೀಬೇಡಿ. ನಾನು ಬರೆಯೋದು ಹೀಗಿರತ್ತೆ: "ಕಟ್‌ಆಫ್ ಕಾಲಮ್ ಪ್ರಕಾರ ಒಟ್ಟು 20 ಟೆಸ್ಟ್, ಫೋಟೋದಲ್ಲಿ 12 ಕಾಣತ್ತೆ, ಬಿಎಚ್ 5% ಮಿತಿಲಿ ಮೊದಲ ಆರು ಪತ್ತೆ. ಆರನೇ ಸಾಲನ್ನ 0.0142 ಅಂತ ಓದಿದೀನಿ, ಅದು 0.0192 ಆಗಿದ್ರೆ ನಾಲ್ಕೇ ಉಳಿಯತ್ತೆ, ದಯವಿಟ್ಟು ಹಾಳೆ ನೋಡಿ ಆ ಒಂದು ಅಂಕಿ ಹೇಳಿ."